ಕಾಂಗ್ರೆಸ್ ಕಸ ಆಗದವರು ಕ್ರೀಮಿನ ಡಬ್ಬಿ ಓದುವುದು ಹೇಗೆ

ಮಳೆ ಬಿದ್ದು ನಾಲ್ಕು ದಿನವಾದರೆ ಸಾಕು, ಚಿಟಗುಪ್ಪದ ಸುತ್ತಲಿನ ಹೊಲದ ಬದು, ರಸ್ತೆಯ ಬದಿ, ಖಾಲಿ ಜಾಗ ಎಲ್ಲೆಲ್ಲೂ ಪಾರ್ಥೇನಿಯಂ ಏಳುತ್ತದೆ. ಜನರ ಬಾಯಲ್ಲಿ ಅದು ಕಾಂಗ್ರೆಸ್ ಕಸ. 1955ರಲ್ಲಿ ಪುಣೆಯಲ್ಲಿ ಗುರುತಿಸಿದ ಈ ಕಳೆ ಆಮೇಲೆ ದೇಶವನ್ನೆಲ್ಲ ಹಬ್ಬಿತು. ಇದನ್ನು ವರ್ಷಗಟ್ಟಲೆ ಮುಟ್ಟಿದರೂ ಬಹಳ ಜನರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಒಂದು ಹಂತದಲ್ಲಿ ಮೈ ತಿರುಗಿಬೀಳುತ್ತದೆ. ಅಲ್ಲಿಂದ ಮುಂದೆ ಗಿಡವನ್ನು ಮುಟ್ಟಲೇಬೇಕೆಂದಿಲ್ಲ. ಒಣಗಿದ ಎಲೆಯ ಪುಡಿ ಗಾಳಿಯಲ್ಲಿ ತೇಲಿಬಂದರೂ ಕಣ್ಣುರೆಪ್ಪೆ, ಕತ್ತು, ಮೊಣಕೈಯ ಮಡಿಕೆ ಕೆಂಪಾಗಿ ತುರಿಸುತ್ತವೆ, ಚರ್ಮ ದಪ್ಪಗಾಗಿ ಬಿರಿಯುತ್ತದೆ.

ತೊಗರಿ, ಸೋಯಾ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳೊಬ್ಬಳಿಗೆ ಹೀಗಾಗಿದೆ ಎಂದುಕೊಳ್ಳಿ. ಮುಖ ಉರಿಯುತ್ತದೆ ಎಂದು ಮೆಡಿಕಲ್‌ಗೆ ಹೋಗುತ್ತಾಳೆ. ‘ಅಣ್ಣಾ, ಉರಿ ಕಡಿಮಿ ಆಗೋದು ಏನರೆ ಕೊಡ್ರಿ’ ಎನ್ನುತ್ತಾಳೆ. ‘ಇದು ತಗೋರಿ ಅಕ್ಕಾ, ಹರ್ಬಲ್ ಅದ, ಏನೂ ಆಗಲ್ಲ’ ಎಂದು ಅಂಗಡಿಯವನು ಹೂವಿನ ಚಿತ್ರದ ಡಬ್ಬಿ ಕೊಡುತ್ತಾನೆ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಆದರೆ ಪಾರ್ಥೇನಿಯಂ ಆಗದವರಿಗೆ ತೊಂದರೆ ಕೊಡಬಲ್ಲದ್ದು ಆ ಡಬ್ಬಿಯಲ್ಲಿರುವ ಹೂವೇ.

ಪಾರ್ಥೇನಿಯಂ ಸೂರ್ಯಕಾಂತಿ ಕುಟುಂಬದ ಗಿಡ. ಸೇವಂತಿ, ಚೆಂಡುಹೂವು, ಕುಸುಬೆ ಎಲ್ಲ ಇದೇ ಕುಟುಂಬದವು. ಈ ಕುಟುಂಬದ ಅನೇಕ ಗಿಡಗಳ ಎಲೆ, ಹೂವುಗಳಲ್ಲಿ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ಗುಂಪಿನ ಕಹಿ ರಾಸಾಯನಿಕಗಳಿರುತ್ತವೆ. ಪಾರ್ಥೇನಿಯಂನಲ್ಲಿರುವ ಪಾರ್ಥೆನಿನ್ ಅವುಗಳಲ್ಲೊಂದು. ಒಂದಕ್ಕೆ ಅಲರ್ಜಿಯಾದ ಚರ್ಮವು ಅದನ್ನೇ ಹೋಲುವ ಇನ್ನೊಂದನ್ನೂ ಶತ್ರುವೆಂದೇ ತಿಳಿಯಬಹುದು. ಹಾಗಾಗಿ ಅವಳು ಕಳೆಯಿಂದ ದೂರ ಉಳಿದರೆ ಸಾಲದು, ಕ್ರೀಮಿನೊಳಗಿನ ಕಳೆಯ ನೆಂಟರನ್ನೂ ಗುರುತು ಹಿಡಿಯಬೇಕು.

ತೊಡಕು ಬರುವುದು ಹೆಸರುಗಳಲ್ಲಿ. ಕ್ರೀಮಿನ ಹಿಂಬದಿಯ ಪಟ್ಟಿಯಲ್ಲಿ ಗಿಡಮೂಲಿಕೆಗಳಿಗೆ ಸಾಮಾನ್ಯವಾಗಿ ಲ್ಯಾಟಿನ್ ಸಸ್ಯನಾಮ ಇರುತ್ತದೆ. ಕ್ಯಾಮೊಮೈಲ್ ಹೂವನ್ನೇ ತೆಗೆದುಕೊಳ್ಳಿ, ‘ಸೂಕ್ಷ್ಮ ಚರ್ಮಕ್ಕೆ’ ಎಂದು ಮಾರುವ ಕ್ರೀಮುಗಳಲ್ಲಿ ಇದು ಹೆಚ್ಚು. ಪಟ್ಟಿಯಲ್ಲಿ ಅದು ಕ್ಯಾಮೊಮಿಲ್ಲಾ ರೆಕುಟಿಟಾ ಎಂದಿರಬಹುದು, ಮ್ಯಾಟ್ರಿಕೇರಿಯಾ ಎಂದು ಶುರುವಾಗಬಹುದು, ಎರಡೂ ಒಂದೇ ಗಿಡ. ಆಂಥೆಮಿಸ್ ನೊಬಿಲಿಸ್ ಎಂದರೆ ಇನ್ನೊಂದು ಬಗೆಯ ಕ್ಯಾಮೊಮೈಲ್. ಕ್ಯಾಲೆಂಡುಲಾ ಅಫಿಸಿನಾಲಿಸ್ ಚೆಂಡುಹೂವಿನಂತೆ ಕಾಣುವ ಕಿತ್ತಳೆ ಹೂವು. ಆರ್ನಿಕಾ ಮೊಂಟಾನಾ ನೋವಿನ ಮುಲಾಮು, ತಲೆಗೆ ಹಚ್ಚುವ ಎಣ್ಣೆಗಳಲ್ಲಿ ಬರುತ್ತದೆ. ನಮ್ಮದೇ ಗರುಗದ ಸೊಪ್ಪು, ಅಂದರೆ ಭೃಂಗರಾಜ, ಎಕ್ಲಿಪ್ಟಾ ಆಲ್ಬಾ ಎಂಬ ಹೆಸರಿನಲ್ಲಿ ಕೂರುತ್ತದೆ. ಅದೂ ಈ ಕುಟುಂಬದ್ದೇ. ಇವೆಲ್ಲ ಎಲ್ಲರಿಗೂ ಆಗುವುದಿಲ್ಲ ಎಂದೇನಿಲ್ಲ, ಒಬ್ಬೊಬ್ಬರಿಗೆ ಒಂದೊಂದು. ಆದರೂ ಚರ್ಮದ ಪರೀಕ್ಷೆಯಾಗುವವರೆಗೆ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಇವು ಯಾವುದೂ ಇರದಿರುವುದು ಕ್ಷೇಮ.

ಈಗ ಒಂದು ಪಟ್ಟಿ ಓದೋಣ: ಆಕ್ವಾ, ಗ್ಲಿಸರಿನ್, ಸೀಟಿಯರಿಲ್ ಆಲ್ಕೊಹಾಲ್, ಹೀಲಿಯಾಂಥಸ್ ಆನ್ಯುವಸ್ ಸೀಡ್ ಆಯಿಲ್, ಫಿನಾಕ್ಸಿಎಥನಾಲ್, ಕ್ಯಾಮೊಮಿಲ್ಲಾ ರೆಕುಟಿಟಾ ಫ್ಲವರ್ ಎಕ್ಸ್‌ಟ್ರಾಕ್ಟ್, ಪರ್ಫ್ಯೂಮ್.

ಆಕ್ವಾ ಅಂದರೆ ನೀರು. ಗ್ಲಿಸರಿನ್ ಎಲ್ಲರಿಗೂ ಗೊತ್ತು. ಸೀಟಿಯರಿಲ್ ಆಲ್ಕೊಹಾಲ್ ಹೆಸರು ಕೇಳಿ ಸ್ಪಿರಿಟ್ ಎಂದು ಹೆದರಬೇಕಿಲ್ಲ, ಅದು ಕ್ರೀಮನ್ನು ಗಟ್ಟಿಯಾಗಿ ಹಿಡಿದಿಡುವ ಮೇಣದಂಥ ಕೊಬ್ಬು. ಹೀಲಿಯಾಂಥಸ್ ಎಂದರೆ ಸೂರ್ಯಕಾಂತಿ. ಕುಟುಂಬದ ಹೆಸರೇ ಇದರದು, ಆದರೆ ಇಲ್ಲಿರುವುದು ಬೀಜದ ಎಣ್ಣೆ. ಕೆಣಕುವ ರಾಸಾಯನಿಕಗಳು ಮುಖ್ಯವಾಗಿ ಎಲೆ, ಹೂವುಗಳಲ್ಲಿರುವುದರಿಂದ ಶುದ್ಧೀಕರಿಸಿದ ಬೀಜದೆಣ್ಣೆ ಹೆಚ್ಚಿನವರಿಗೆ ಒಗ್ಗುತ್ತದೆ. ಹಾಗಾಗಿ ಗಿಡದ ಹೆಸರಿನ ಜೊತೆಗೆ ಅದರ ಮುಂದಿನ ಪದವನ್ನೂ ಓದಬೇಕು. ಸೀಡ್ ಆಯಿಲ್ ಎಂದಿದ್ದರೆ ಒಂದು ಲೆಕ್ಕ, ಫ್ಲವರ್ ಅಥವಾ ಲೀಫ್ ಎಕ್ಸ್‌ಟ್ರಾಕ್ಟ್ ಎಂದಿದ್ದರೆ ಇನ್ನೊಂದು ಲೆಕ್ಕ.

ಪಟ್ಟಿಯ ಕ್ರಮವನ್ನೂ ನೋಡಬೇಕು. ನಮ್ಮ ದೇಶದ ಕಾಸ್ಮೆಟಿಕ್ಸ್ ನಿಯಮದಂತೆ ಹೆಚ್ಚು ತೂಕದ್ದು ಮೊದಲು, ಕಡಿಮೆಯದ್ದು ನಂತರ. ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಕೊನೆಗೆ ಯಾವ ಕ್ರಮದಲ್ಲಾದರೂ ಬರೆಯಬಹುದು. ಫಿನಾಕ್ಸಿಎಥನಾಲ್ ಕ್ರೀಮು ಕೆಡದಂತೆ ಹಾಕುವ ಸಾಮಗ್ರಿ, ಅದನ್ನು ಶೇ. 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆದ್ದರಿಂದ ಅದರ ನಂತರ ಬರುವುದೆಲ್ಲ ಬಹುತೇಕ ಶೇ. 1 ಅಥವಾ ಅದಕ್ಕೂ ಕಡಿಮೆ. ನಮ್ಮ ಪಟ್ಟಿಯಲ್ಲಿ ಕ್ಯಾಮೊಮೈಲ್ ಹೂವಿನ ಸಾರ ಇರುವುದು ಆ ಜಾಗದಲ್ಲೇ. ಚೂರೇ ಚೂರು ಎಂದು ಸಮಾಧಾನಪಡುವಂತಿಲ್ಲ. ಅಲರ್ಜಿ ಬಂದುಬಿಟ್ಟ ಚರ್ಮಕ್ಕೆ ಅಷ್ಟೂ ಸಾಕಾಗಬಹುದು. ಈ ಡಬ್ಬಿಯನ್ನು ಅವಳು ವಾಪಸ್ ಕೊಡಬೇಕು.

ಕೊನೆಯ ಪದ ಪರ್ಫ್ಯೂಮ್. ಈ ಒಂದೇ ಪದದ ಹಿಂದೆ ಹತ್ತಾರು ಸುವಾಸನೆ ವಸ್ತುಗಳಿರಬಹುದು, ಅವುಗಳಲ್ಲಿ ಹೂವಿನ ಎಣ್ಣೆಯಿದ್ದರೂ ನಮಗೆ ಕಾಣುವುದಿಲ್ಲ. ಯುರೋಪಿನಲ್ಲಿ ಲಿನಲೂಲ್, ಜೆರಾನಿಯಾಲ್‌ನಂಥ ಗೊತ್ತಿರುವ ಅಲರ್ಜಿಕಾರಕಗಳು ನಿಗದಿತ ಮಿತಿ ದಾಟಿದರೆ ಅವನ್ನು ಬಿಡಿಸಿ ಬರೆಯಬೇಕು. ಅಲ್ಲಿಗೂ ಮಾರುವ ಕಂಪನಿಗಳ ಡಬ್ಬಿಯಲ್ಲಿ ಆ ಹೆಸರುಗಳು ಸಿಗುತ್ತವೆ. ಬಿರಿದ ಚರ್ಮದವರು ಸುವಾಸನೆಯೇ ಹಾಕದ ಕ್ರೀಮನ್ನು ಆರಿಸಿಕೊಳ್ಳಲಿ. ‘ಅನ್‌ಸೆಂಟೆಡ್’ ಎಂಬ ಮಾತನ್ನು ನಂಬಬಾರದು, ಮೂಲ ವಾಸನೆಯನ್ನು ಮುಚ್ಚಲು ಅದರಲ್ಲೂ ಪರ್ಫ್ಯೂಮ್ ಹಾಕಿರಬಹುದು. ಪಟ್ಟಿಯಲ್ಲಿ ಪರ್ಫ್ಯೂಮ್ ಅಥವಾ ಫ್ರೇಗ್ರೆನ್ಸ್ ಇಲ್ಲದಿರುವುದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಕಿರಾಣಿ ಅಂಗಡಿಯ ದಾರಕ್ಕೆ ಜೋತುಬಿದ್ದ ಸಣ್ಣ ಸ್ಯಾಶೆ, ಚಿಕ್ಕ ಟ್ಯೂಬುಗಳಲ್ಲಿ ಇಷ್ಟೆಲ್ಲ ಓದಲು ಪಟ್ಟಿಯೇ ಇರದಿರಬಹುದು. 30 ಗ್ರಾಂಗಿಂತ ಕಡಿಮೆಯ ಕ್ರೀಮಿಗೆ ಪಟ್ಟಿ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ಅಲರ್ಜಿ ಇರುವವರಿಗೆ ಅಗ್ಗದ ಸ್ಯಾಶೆಯೇ ದುಬಾರಿಯಾಗುವುದು ಹೀಗೆ. ಕೆಲವು ಟ್ಯೂಬುಗಳ ಪಟ್ಟಿ ಹೊರಗಿನ ರಟ್ಟಿನ ಮೇಲೆ ಮಾತ್ರ ಇರುತ್ತದೆ, ರಟ್ಟನ್ನು ಎಸೆಯಬೇಡಿ. ಅಕ್ಷರ ಸಣ್ಣದಾದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಬಹುದು. ಇಂಗ್ಲಿಷ್ ಓದಲು ಬರದವರು ಬಿಡಬೇಕಾದ ಹೆಸರುಗಳನ್ನು ಡಾಕ್ಟರ ಕೈಯಿಂದ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆಸಿಕೊಂಡು, ಅಂಗಡಿಯಲ್ಲಿ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಬಹುದು.

ಯಾವ ಹೆಸರುಗಳನ್ನು ಬರೆಸಬೇಕು ಎಂಬುದನ್ನು ಪ್ಯಾಚ್ ಟೆಸ್ಟ್ ಹೇಳುತ್ತದೆ. ಬೀದರಿನಲ್ಲೋ ಕಲಬುರಗಿಯಲ್ಲೋ ಚರ್ಮವೈದ್ಯರಿಗೆ ಫೋನ್ ಮಾಡಿ, ಈ ಪರೀಕ್ಷೆ ಮಾಡುತ್ತೀರಾ ಎಂದು ಕೇಳಿಕೊಂಡು ಹೋಗಿ. ಅನುಮಾನದ ವಸ್ತುಗಳನ್ನು ಪುಟ್ಟ ಬಟ್ಟಲುಗಳಲ್ಲಿ ಬೆನ್ನಿಗೆ ಅಂಟಿಸಿ ಎರಡು ದಿನ ಬಿಡುತ್ತಾರೆ, ಕೊನೆಯ ಸಲ ನೋಡುವವರೆಗೆ ಬೆನ್ನು ನೆನೆಸಬಾರದು. ತೆಗೆದ ಮೇಲೆ ಒಮ್ಮೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಭಾರತೀಯ ಮಾದರಿಯ ಪರೀಕ್ಷಾ ಸರಣಿಯಲ್ಲಿ ಪಾರ್ಥೇನಿಯಂ ಸೇರಿದೆ. ಹಚ್ಚುತ್ತಿದ್ದ ಕ್ರೀಮುಗಳನ್ನೂ ಜೊತೆಗೆ ಒಯ್ಯಿರಿ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ, ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಮೊದಲೇ ಹೇಳಿ, ಅವು ಫಲಿತಾಂಶವನ್ನು ಮರೆಮಾಚಬಲ್ಲವು.

ಹೊಸ ಕ್ರೀಮು ತಂದ ಮೇಲೂ ನೇರ ಮುಖಕ್ಕೆ ಹಚ್ಚಬೇಡಿ. ಮೈ ಶಾಂತವಾಗಿರುವಾಗ ಮೊಣಕೈ ಮಡಿಕೆಯ ಹತ್ತಿರ ಒಂದೇ ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದೆರಡು ವಾರ ಹಚ್ಚಿ ನೋಡಿ. ಈ ಬಗೆಯ ಅಲರ್ಜಿ ಹಚ್ಚಿದ ತಕ್ಷಣ ಕಾಣುವುದಿಲ್ಲ, ಒಂದೆರಡು ದಿನ ತಡವಾಗಿ ಬರುತ್ತದೆ. ಅದಕ್ಕೇ ಸೋಮವಾರ ಹಚ್ಚಿದ ಕ್ರೀಮಿನ ತಪ್ಪನ್ನು ಬುಧವಾರ ತಿಂದ ಬದನೆಕಾಯಿಯ ಮೇಲೆ ಹಾಕುವುದು. ಕೆಂಪಾಗಿ ತುರಿಸಿದರೆ ಅಲ್ಲಿಗೆ ನಿಲ್ಲಿಸಿ, ಡಬ್ಬಿಯ ಮೇಲೆ ತಾರೀಖು ಬರೆದಿಟ್ಟು ಮುಂದಿನ ಸಲ ಡಾಕ್ಟರಿಗೆ ತೋರಿಸಿ.