ಫ್ರಿಜ್ ಬಾಗಿಲಲ್ಲಿ ಕಾಣುವುದೇನು?

ಜಾಹೀರಾತಿನ ಫ್ರಿಜ್ಜಿನ ಬಾಗಿಲ ಮೇಲೆ ಮೇಲಿನಿಂದ ಕೆಳಕ್ಕೆ ನಯವಾಗಿ ಮಾಸುತ್ತ ಹೋಗುವ ಬೆಳಕಿನ ಪಟ್ಟೆಯೊಂದಿರುತ್ತದೆ. ಅದು ಬಾಗಿಲಿನ ಬಣ್ಣವಲ್ಲ, ಎದುರಿಗಿಟ್ಟ ವಸ್ತುವಿನ ಪ್ರತಿಬಿಂಬ. ಗಾಜಿನ ಬಾಗಿಲು ಕನ್ನಡಿಯಂತೆಯೇ ಕೆಲಸ ಮಾಡುತ್ತದೆ: ಬೆಳಕು ಬಿದ್ದ ಕೋನದಲ್ಲೇ ಮರಳುತ್ತದೆ. ಹಾಗಾಗಿ ನೇರ ಎದುರಿನಿಂದ ತೆಗೆದರೆ ಕ್ಯಾಮೆರಾ, ಸ್ಟ್ಯಾಂಡು, ಛಾಯಾಗ್ರಾಹಕನ ಅಂಗಿ ಎಲ್ಲವೂ ಬಾಗಿಲೊಳಗೆ ಹಾಜರು.

ಅದಕ್ಕೇ ಕ್ಯಾಮೆರಾವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅಲ್ಲಿಂದ ಬಾಗಿಲಲ್ಲಿ ಕಾಣುವ ಜಾಗಕ್ಕೆ ಫ್ರಿಜ್ಜಿಗಿಂತ ದೊಡ್ಡ ಬಿಳಿ ತೆಳುಬಟ್ಟೆ ಕಟ್ಟುತ್ತಾರೆ. ದೀಪವನ್ನು ಬಟ್ಟೆಯ ಹಿಂದೆ, ಒಂದು ಅಂಚಿಗೆ ಹತ್ತಿರ ಇಡುತ್ತಾರೆ. ಆ ಅಂಚು ಬೆಳಗಿ, ಉಳಿದದ್ದು ನಿಧಾನವಾಗಿ ಮಬ್ಬಾಗುತ್ತದೆ. ಬಾಗಿಲು ಅದನ್ನೇ ತೋರಿಸುತ್ತದೆ. ಬಟ್ಟೆಯಲ್ಲಿ ಒಂದು ಸುಕ್ಕಿದ್ದರೂ ಬಾಗಿಲು ಸೊಟ್ಟಗಾದಂತೆ ಕಾಣುತ್ತದೆ. ಗೆಲ್ಲಲಾಗದಿದ್ದರೆ ಉಳಿದದ್ದು ಕಂಪ್ಯೂಟರಿನ ಪಾಲು.

ಎಷ್ಟೋ ಚಿತ್ರಗಳಲ್ಲಿ ಯಂತ್ರವೇ ಬೇರೆ, ಅಡುಗೆಮನೆಯೇ ಬೇರೆ. ಎರಡನ್ನೂ ಆಮೇಲೆ ಜೋಡಿಸಿರುತ್ತಾರೆ. ಎಡವುವುದು ಅಳತೆಯಲ್ಲಿ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ ಸಾಮಾನ್ಯವಾಗಿ ಸುಮಾರು 85 ಸೆಂ.ಮೀ. ಎತ್ತರ, ಅಡುಗೆಕಟ್ಟೆಯೂ ಹೆಚ್ಚುಕಡಿಮೆ ಅಷ್ಟೇ. 170 ಸೆಂ.ಮೀ. ಫ್ರಿಜ್ ಪಕ್ಕದಲ್ಲಿದ್ದರೆ ಕಟ್ಟೆ ಅದರ ನಡುಮಟ್ಟಕ್ಕೆ ಬರಬೇಕು. ಮೆಷಿನ್ ಪಕ್ಕದಲ್ಲಿ ನಿಂತ ಗೃಹಿಣಿಯ ಎದೆಮಟ್ಟಕ್ಕೆ ಬಂದಿದ್ದರೆ, ಆಕೆ ಕುಳ್ಳಿಯಲ್ಲ, ಜೋಡಿಸಿದವರ ಲೆಕ್ಕ ತಪ್ಪಿದೆ.

ಇನ್ನೊಂದು ಗುರುತೂ ಇದೆ. ಕಿಟಕಿ ಎಡಕ್ಕಿದ್ದು, ಯಂತ್ರದ ನೆರಳೂ ಎಡಕ್ಕೇ ಚಾಚಿದ್ದರೆ ಆ ಯಂತ್ರ ಆ ಕೋಣೆಯನ್ನು ಕಂಡೇ ಇಲ್ಲ.