ಮಳೆ ಬಂದ ಮೇಲೆ ಬಿಚ್ಚುವ ಕೊಡೆ

ಸರ್ಕಲ್ ಹತ್ತಿರವಾಗುತ್ತಿದ್ದಂತೆ ಮೊಣಕೈಯಲ್ಲಿ ನೇತಾಡುತ್ತಿದ್ದ ಹೆಲ್ಮೆಟ್ ತಲೆಗೇರುತ್ತದೆ. ಸರ್ಕಲ್ ದಾಟಿದ ಮೇಲೆ ಮತ್ತೆ ಮೊಣಕೈಗೆ ಇಳಿಯುತ್ತದೆ. ಕರ್ನಾಟಕದ ಯಾವ ಊರಿನಲ್ಲೂ ಕಾಣುವ ನೋಟ ಇದು. ಹೆಲ್ಮೆಟ್ ಬೇಕೆಂಬುದು ಈ ಸವಾರನಿಗೆ ಗೊತ್ತಿಲ್ಲವೆಂದಲ್ಲ. ದುಡ್ಡು ಕೊಟ್ಟು ಕೊಂಡಿದ್ದಾನೆ, ಹೋದಲ್ಲೆಲ್ಲ ಹೊತ್ತುಕೊಂಡೇ ತಿರುಗುತ್ತಾನೆ. ಅವನ ಲೆಕ್ಕದಲ್ಲಿ ಅದು ದಂಡ ತಪ್ಪಿಸುವ ಸಾಮಾನು, ಅಷ್ಟೆ. ಅವನಿಗಾಗಿ ನಲವತ್ತು ಸೆಕೆಂಡಿನ ಜಾಗೃತಿ ಚಿತ್ರವೊಂದರ ಸ್ಕ್ರಿಪ್ಟ್ ಬರೆಯಲು ಕೂತವರು ಏನನ್ನು ತೋರಿಸಬೇಕು?

ರಕ್ತ ತೋರಿಸುವುದು ಸುಲಭದ ದಾರಿ. ಉರುಳಿದ ಬೈಕು, ಆಂಬುಲೆನ್ಸ್, ಆಸ್ಪತ್ರೆ ಬಾಗಿಲಲ್ಲಿ ಅಳುವ ತಾಯಿ. ನೋಡುವವನು ಇದನ್ನೆಲ್ಲ ಎಷ್ಟೋ ಸಲ ಕಂಡಿದ್ದಾನೆ. ‘ಇದು ನನಗಾಗುವಂಥದ್ದಲ್ಲ’ ಎಂದುಕೊಂಡು ಮೊಬೈಲ್ ಪರದೆಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿಬಿಡುತ್ತಾನೆ.

ಬೇರೆ ದಾರಿಯೂ ಇದೆ ಎನ್ನುವುದಕ್ಕೆ 2010ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನ ರಸ್ತೆ ಸುರಕ್ಷತಾ ಸಂಸ್ಥೆಗಾಗಿ ಡೇನಿಯಲ್ ಕಾಕ್ಸ್ ಮಾಡಿದ ‘ಎಂಬ್ರೇಸ್ ಲೈಫ್’ ಸಾಕ್ಷಿ. ಅದು ಸೀಟ್ ಬೆಲ್ಟ್ ಕುರಿತದ್ದು. ಆದರೆ ಅದರಲ್ಲಿ ಕಾರೇ ಇಲ್ಲ. ಮನೆಯ ಹಜಾರದಲ್ಲಿ ಕುರ್ಚಿಯ ಮೇಲೆ ಕೂತ ಅಪ್ಪ ಗಾಳಿಯಲ್ಲೇ ಸ್ಟೀರಿಂಗ್ ತಿರುಗಿಸುತ್ತಾನೆ. ಡಿಕ್ಕಿಯ ಗಳಿಗೆ ಬಂದಾಗ ಮಗಳು ಓಡಿ ಬಂದು ಅವನ ಸೊಂಟವನ್ನೂ ಹೆಂಡತಿ ಭುಜವನ್ನೂ ತಬ್ಬಿ ಹಿಡಿಯುತ್ತಾರೆ. ಆ ತೋಳುಗಳೇ ಬೆಲ್ಟ್. ಸುಮಾರು ಒಂದೂವರೆ ನಿಮಿಷದಲ್ಲಿ ಒಂದು ಮಾತೂ ಇಲ್ಲ. ವಸ್ತುವನ್ನು ಅದರ ಜಾಗದಿಂದ ಎತ್ತಿ ಬೇರೆಲ್ಲೋ ಇಟ್ಟು ತೋರಿಸುವುದು ಅಲ್ಲಿನ ಜಾಣ್ಮೆ.

ಹೆಲ್ಮೆಟ್ಟನ್ನು ಹಾಗೆ ಎಲ್ಲಿಗೆ ಒಯ್ಯಬಹುದು? ಮೊಣಕೈಗೆ ನೇತುಹಾಕಿಕೊಳ್ಳುವ ಮತ್ತೊಂದು ವಸ್ತು ನಮ್ಮಲ್ಲಿದೆ: ಕೊಡೆ. ತೀರ್ಥಹಳ್ಳಿಯಂಥ ಊರಿನ ಪೇಟೆ ಬೀದಿ, ಆಷಾಢದ ಮಳೆ ಧೋ ಎಂದು ಸುರಿಯುತ್ತಿದೆ. ಎಲ್ಲರ ಕೈಯಲ್ಲೂ ಕಪ್ಪು ಕೊಡೆ, ಎಲ್ಲವೂ ಮಡಿಸಿದ್ದು. ಜನ ತೊಪ್ಪೆಯಾಗಿ ನೆನೆಯುತ್ತಾ ನಡೆಯುತ್ತಿದ್ದಾರೆ. ತಿರುವಿನಲ್ಲಿ ಪೊಲೀಸ್ ಪೇದೆ ಕಂಡದ್ದೇ ತಡ, ಇಡೀ ಬೀದಿಯ ಕೊಡೆಗಳು ಫಟ್ಟನೆ ಬಿಚ್ಚಿಕೊಳ್ಳುತ್ತವೆ. ಪೇದೆ ಮರೆಯಾದೊಡನೆ ಅಷ್ಟೂ ಕೊಡೆಗಳು ಮುಚ್ಚುತ್ತವೆ. ಕೊನೆಗೆ ಮೊಣಕೈಯಲ್ಲಿ ಹೆಲ್ಮೆಟ್ ಇಟ್ಟುಕೊಂಡ ಸವಾರ.

ನಗು ಬರುತ್ತದೆ. ಆದರೆ ಈ ಕರಡಿನಲ್ಲಿ ಒಂದು ತೂತಿದೆ. ಮಳೆ ಸುರಿಯುತ್ತಿರುವುದು ಎಲ್ಲರ ಕಣ್ಣಿಗೂ ಕಾಣುತ್ತದೆ, ಅಪಘಾತ ಕಾಣುವುದಿಲ್ಲ. ವರ್ಷಗಟ್ಟಲೆ ಬರಿದಲೆಯಲ್ಲಿ ಓಡಾಡಿದರೂ ಏನೂ ಆಗಿಲ್ಲವೆಂಬುದು ಸವಾರನ ನಿತ್ಯದ ಅನುಭವ. ‘ಮಳೆ ಬರ್ತಿದ್ರೆ ನಾನೂ ಕೊಡೆ ಬಿಚ್ತಿದ್ದೆ ಕಣಯ್ಯ’ ಎಂದು ಅವನು ಹೇಳಿದರೆ ಚಿತ್ರದ ಬಳಿ ಉತ್ತರವಿಲ್ಲ.

ಹಾಗಾಗಿ ಎರಡನೇ ಕರಡಿನಲ್ಲಿ ಮಳೆಯನ್ನು ಮೊದಲಿನಿಂದ ತೆಗೆದು ಹಾಕಬೇಕಾಗುತ್ತದೆ. ಮೊದಲ ಹತ್ತು ಸೆಕೆಂಡು ಮೋಡ ಕವಿದಿದೆ, ಹನಿ ಬಿದ್ದಿಲ್ಲ. ಜನ ಕೊಡೆಯನ್ನು ತೋಳಿಗೆ ಹಾಕಿಕೊಂಡು ತರಕಾರಿ ಕೊಳ್ಳುತ್ತಾ, ಹರಟುತ್ತಾ ಇದ್ದಾರೆ. ಹತ್ತರಿಂದ ಇಪ್ಪತ್ತರವರೆಗೆ ಪೇದೆಯ ಪ್ರವೇಶ, ಕೊಡೆಗಳು ಬಿಚ್ಚಿ ಮುಚ್ಚುವ ಆಟ. ಇಪ್ಪತ್ತೊಂದನೇ ಸೆಕೆಂಡಿನಲ್ಲಿ, ಗುಡುಗು ಸಿಡಿಲು ಯಾವ ಮುನ್ಸೂಚನೆಯೂ ಇಲ್ಲದೆ, ಇಡೀ ಬೀದಿಯ ಮೇಲೆ ಮಳೆ ಒಂದೇ ಏಟಿಗೆ ಬೀಳುತ್ತದೆ. ಅರ್ಧ ಮಾತಿನಲ್ಲಿದ್ದವರು ಆಗಲೇ ನೆನೆದಿದ್ದಾರೆ. ಒಬ್ಬ ಕೊಡೆಯ ಗುಂಡಿ ಒತ್ತುತ್ತಾನೆ, ಕೊಡೆ ಬಿಚ್ಚಿಕೊಳ್ಳುತ್ತದೆ, ಅವನ ಗಲ್ಲದಿಂದ ನೀರು ಸುರಿಯುತ್ತಲೇ ಇದೆ. ಅಲ್ಲಿಂದ ನೇರ ಕಟ್: ಕೊಡೆಯ ಹಿಡಿ ಇದ್ದ ಜಾಗದಲ್ಲೇ ಹೆಲ್ಮೆಟ್, ಬೈಕ್ ಹತ್ತಿ ಕೂತ ಯುವಕ. ಅವನು ಅದನ್ನು ತೋಳಿನಿಂದ ತೆಗೆದು ತಲೆಗಿಟ್ಟು ಗಲ್ಲದ ಪಟ್ಟಿ ಬಿಗಿಯುತ್ತಾನೆ. ‘ಕ್ಲಿಕ್’. ಪರದೆಯ ಮೇಲೆ ಒಂದು ಸಾಲು: ‘ಹೆಲ್ಮೆಟ್ ಇರೋದು ತಲೆಗೆ, ಪೊಲೀಸರಿಗಲ್ಲ.’

ಈ ಬದಲಾವಣೆ ಭೌತಶಾಸ್ತ್ರಕ್ಕೂ ಒಪ್ಪುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲೇ ಸುಮಾರು ಒಂದು ಸೆಕೆಂಡು ಕಳೆದಿರುತ್ತದೆ. ತೋಳಿನ ಹೆಲ್ಮೆಟ್ಟಿಗೆ ಅಲ್ಲಿ ಸಮಯವೇ ಇಲ್ಲ.

ಮಳೆಯ ಶಾಟ್‌ನಲ್ಲೇ ಇನ್ನೊಂದು ವಿಷಯವನ್ನು ಸದ್ದಿಲ್ಲದೆ ಸೇರಿಸಬಹುದು. ಗಂಡ, ಹೆಂಡತಿ, ಶಾಲೆ ಚೀಲದ ಮಗು. ಮೂವರಿಗೂ ಸೇರಿ ಇರುವುದು ಒಂದೇ ಕೊಡೆ, ಅದು ಗಂಡನ ಕೈಯಲ್ಲಿ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ. 2019ರ ತಿದ್ದುಪಡಿಯ ನಂತರ ಕೇಂದ್ರದ ಮೋಟಾರು ವಾಹನ ಕಾಯ್ದೆಯೂ ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಬೇಕೆನ್ನುತ್ತದೆ. ಆದರೂ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯಲ್ಲಿ ಹೆಲ್ಮೆಟ್ ಹಾಕದೆ ಸತ್ತ 50,029 ಮಂದಿಯಲ್ಲಿ 14,337 ಮಂದಿ ಹಿಂದೆ ಕೂತವರು. ಇದನ್ನು ಚಿತ್ರದಲ್ಲಿ ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಎರಡನೇ ಸಂದೇಶವಾಗುತ್ತದೆ, ಐಎಸ್‌ಐ ಮುದ್ರೆಯ ಮಾತು ಮೂರನೆಯದಾಗುತ್ತದೆ, ಇಲಾಖೆಯ ಸಭೆಯಲ್ಲಿ ಯಾರೋ ‘ಕುಡಿದು ಓಡಿಸಬೇಡಿ ಅಂತಲೂ ಹಾಕಿ ಸಾರ್’ ಎನ್ನುತ್ತಾರೆ. ಜಾಗೃತಿ ಚಿತ್ರಗಳು ಬಹುಪಾಲು ಕೆಡುವುದು ಶೂಟಿಂಗಿನಲ್ಲಲ್ಲ, ಇಂಥ ಸಭೆಗಳಲ್ಲಿ.

ಕಾಗದದ ಮೇಲೆ ‘ಮಳೆ ಬೀಳುತ್ತದೆ’ ಎಂದು ಬರೆಯುವುದು ಸುಲಭ. ನಿಜವಾದ ಮಳೆ ಕ್ಯಾಮೆರಾಗೆ ಸರಿಯಾಗಿ ಕಾಣುವುದೇ ಇಲ್ಲ. ಹನಿಗಳ ಹಿಂದಿನಿಂದ ಬೆಳಕು ಬಿದ್ದರಷ್ಟೇ ಗೆರೆಗಳಾಗಿ ಹೊಳೆಯುತ್ತವೆ. ಹೇಳಿದ ಗಳಿಗೆಗೆ ಬೀಳುವುದೂ ಇಲ್ಲ. ಆದ್ದರಿಂದ ಟ್ಯಾಂಕರ್ ನೀರು, ಮೇಲಿನಿಂದ ಪೈಪು, ಹಿಂದೆ ದೊಡ್ಡ ದೀಪ. ಒಂದು ಟೇಕ್ ಕೆಟ್ಟರೆ ಇಡೀ ಬೀದಿಯ ಜನ ಒಣ ಬಟ್ಟೆ ಹಾಕಿಕೊಂಡು ಬರಬೇಕು. ಇದನ್ನು ಬಲ್ಲ ಬರಹಗಾರ ಮಳೆಯನ್ನು ಒಂದೇ ಶಾಟ್‌ಗೆ ಕಟ್ಟಿಹಾಕಿ, ಒಣ ದೃಶ್ಯಗಳನ್ನೆಲ್ಲ ಮೊದಲು ಮುಗಿಸುವಂತೆ ಸ್ಕ್ರಿಪ್ಟ್ ಹೆಣೆಯುತ್ತಾನೆ.

ಶೂಟಿಂಗಿಗೆ ಮೊದಲೇ ಒಂದು ಪರೀಕ್ಷೆ ಮಾಡಬಹುದು. ದೃಶ್ಯಗಳನ್ನು ರೇಖಾಚಿತ್ರವಾಗಿ ಬರೆದು, ಕೊನೆಯ ಸಾಲನ್ನು ಮುಚ್ಚಿಟ್ಟು, ಸರಕು ತಲುಪಿಸುವ ಹುಡುಗರಿಗೋ ಕಾಲೇಜು ಗೇಟಿನ ಸವಾರರಿಗೋ ತೋರಿಸಿ ‘ಇದರಲ್ಲಿ ಏನು ಹೇಳ್ತಿದ್ದಾರೆ?’ ಎಂದು ಕೇಳುವುದು. ‘ಪೊಲೀಸರ ಕಾಟ’ ಎಂಬ ಉತ್ತರವೇ ಹೆಚ್ಚು ಬಂದರೆ ಪೇದೆಯ ಪಾತ್ರ ಉದ್ದವಾಗಿದೆಯೆಂದು ಅರ್ಥ. ಅವನು ಸೀಟಿ ಊದಬಾರದು, ಯಾರನ್ನೂ ದಿಟ್ಟಿಸಬಾರದು, ಟೀ ಕುಡಿಯಲು ಹೊರಟವನಂತೆ ಸುಮ್ಮನೆ ಹಾದುಹೋದರೆ ಸಾಕು. ಚಿತ್ರ ಅಣಕಿಸಬೇಕಾದದ್ದು ಕೊಡೆ ಹಿಡಿದವರನ್ನು.

ಮೊಬೈಲಿಗೆ ಬೇಕಾದ ಹದಿನೈದು ಸೆಕೆಂಡಿನ ಆವೃತ್ತಿಯಲ್ಲಿ ತರಕಾರಿ, ಹರಟೆ ಎಲ್ಲವೂ ಹೋಗುತ್ತವೆ. ಪೇದೆಗೆ ಐದು ಸೆಕೆಂಡು, ಮಳೆಗೆ ಐದು, ಹೆಲ್ಮೆಟ್ಟಿಗೆ ಐದು. ಅಲ್ಲಿ ಹೆಚ್ಚಿನವರು ಸದ್ದಿಲ್ಲದೆ ನೋಡುವುದರಿಂದ ‘ಕ್ಲಿಕ್’ ಕೇಳಿಸದು. ಪಟ್ಟಿಯ ಬಕಲ್ ಕೂಡಿಕೊಳ್ಳುವುದನ್ನು ಪರದೆ ತುಂಬುವಷ್ಟು ಹತ್ತಿರದಿಂದ ಬೇರೆಯೇ ಶಾಟ್ ಆಗಿ ತೆಗೆದಿಟ್ಟುಕೊಳ್ಳಬೇಕು ಎಂಬ ಟಿಪ್ಪಣಿ ಮೂಲ ಸ್ಕ್ರಿಪ್ಟಿನಲ್ಲೇ ಇರಬೇಕಾಗುತ್ತದೆ.