ಸಿಂಕಿನ ಬಾಗು ಕೊಳವೆಯಲ್ಲಿ ತಂಗುವ ವಿಷ

ಸಿಂಕಿನ ಕೆಳಗೆ ಬಗ್ಗಿ ನೋಡಿದರೆ ಕೊಳವೆ ಒಮ್ಮೆ ಕೆಳಕ್ಕಿಳಿದು, ಮತ್ತೆ ಮೇಲೇರಿ ಗೋಡೆಯೊಳಗೆ ಹೋಗುವುದು ಕಾಣುತ್ತದೆ. ಆ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿದ್ದು, ಚರಂಡಿಯ ನಾತ ಮೇಲೆ ಬರದಂತೆ ತಡೆಯುತ್ತದೆ. ಮನೆಯ ಸಿಂಕಿನಲ್ಲಿ ಅಲ್ಲಿ ಸಿಕ್ಕಿಕೊಳ್ಳುವುದು ಅನ್ನದ ಅಗುಳು, ಚಹಾದ ಚರಟ. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಸಿಂಕಾದರೆ, ನೀರಿಗಿಂತ ಭಾರವಾದ ಎರಡು ವಸ್ತುಗಳು ಅಲ್ಲೇ ತಂಗುತ್ತವೆ. ಒಂದು ಪಾದರಸ, ಇನ್ನೊಂದು ಕ್ಲೋರಿನ್ ಇರುವ ದ್ರಾವಕ. ಮೇಲಿನಿಂದ ನಲ್ಲಿ ಎಷ್ಟೇ ಬಿಟ್ಟರೂ ನೀರು ಅವುಗಳ ಮೇಲೆ ಹರಿದು ಹೋಗುತ್ತದೆ. ಅವು ಮಾತ್ರ ತಳದಲ್ಲಿ ಕೂತೇ ಇರುತ್ತವೆ.

ಪಾದರಸ ಅಲ್ಲಿಗೆ ಹೇಗೆ ಬರುತ್ತದೆ? ಹೆಮಟೈಟ್ ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಅಳೆಯುವ ಹಳೆಯ ಪ್ರಯೋಗವನ್ನೇ ನೋಡೋಣ. ಸಂಡೂರಿನ ಕೆಂಪು ಕಲ್ಲನ್ನೇ ಪುಡಿ ಮಾಡಿ ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದಿರಿ ಎನ್ನಿ, ಹಳದಿ ದ್ರಾವಣ ಬರುತ್ತದೆ. ಅದಕ್ಕೆ ಸ್ಟ್ಯಾನಸ್ ಕ್ಲೋರೈಡನ್ನು ಹನಿಹನಿಯಾಗಿ ಬಿಟ್ಟರೆ ಹಳದಿ ಮಾಯವಾಗುತ್ತದೆ. ಹೆಚ್ಚಾಗಿ ಬಿದ್ದ ಒಂದೆರಡು ಹನಿಯನ್ನು ಇಲ್ಲವಾಗಿಸಲು, ತಣ್ಣಗಾದ ಮೇಲೆ ಮರ್ಕ್ಯುರಿಕ್ ಕ್ಲೋರೈಡ್ ಹಾಕುತ್ತಾರೆ. ಇದು ಪಾದರಸದ ಲವಣ. ಆಗ ರೇಷ್ಮೆಯ ಹೊಳಪಿನ ಬಿಳಿ ಗಸಿ ಕಾಣಬೇಕು. ಆಮೇಲೆ ಡೈಕ್ರೋಮೇಟ್ ದ್ರಾವಣದಿಂದ ಟೈಟ್ರೇಷನ್.

ಸ್ಟ್ಯಾನಸ್ ಕ್ಲೋರೈಡ್ ಸುರಿಯುವಾಗ ಕೈ ತಪ್ಪಿ ತುಂಬ ಹೆಚ್ಚಾಯಿತು ಎನ್ನಿ. ಆಗ ಬಿಳಿಯ ಬದಲು ಬೂದು, ಕೆಲವೊಮ್ಮೆ ಕಪ್ಪು ಗಸಿ ಬರುತ್ತದೆ. ಅದು ಪಾದರಸ ಲೋಹವೇ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದಿರುತ್ತದೆ. ‘ಬೂದು ಬಂದರೆ ಎಸೆದು ಮತ್ತೆ ಮಾಡಿ’ ಎಂದು ಮ್ಯಾನ್ಯುವಲ್ ಹೇಳುತ್ತದೆ. ಎಲ್ಲಿ ಎಸೆಯಬೇಕೆಂದು ಹೇಳುವುದಿಲ್ಲ. ಹೊತ್ತು ಮೀರುತ್ತಿದೆ ಎಂಬ ಗಾಬರಿಯಲ್ಲಿ ಹುಡುಗರು ಅದನ್ನು ಸಿಂಕಿಗೆ ಚೆಲ್ಲುತ್ತಾರೆ. ಇಡೀ ಲ್ಯಾಬಿನಲ್ಲಿ ಅತ್ಯಂತ ಎಚ್ಚರದಿಂದ ಹಿಡಿಯಬೇಕಾದದ್ದು ಈ ಕೆಟ್ಟುಹೋದ ಫ್ಲಾಸ್ಕನ್ನೇ. ಬಾಗು ಕೊಳವೆಯಲ್ಲಿ ನಿಂತ ಪಾದರಸವನ್ನು ಅಲ್ಲಿರುವ ನೀರು ಮುಚ್ಚಿರುತ್ತದೆ ನಿಜ. ಆದರೆ ರಜೆಯಲ್ಲಿ ಲ್ಯಾಬು ಬಾಗಿಲು ಹಾಕಿದಾಗ ಆ ನೀರು ಆರಿಹೋಗುತ್ತದೆ, ಪಾದರಸದ ಆವಿ ಕೋಣೆಗೆ ಬರುತ್ತದೆ. ಅದಕ್ಕೆ ವಾಸನೆಯೂ ಇಲ್ಲ.

ಸ್ವಲ್ಪವೇ ಅಲ್ಲವೇ ಎನ್ನುವವರಿಗಾಗಿ ಒಂದು ಲೆಕ್ಕ. ಒಂದು ಟೈಟ್ರೇಷನ್‌ಗೆ ಶೇಕಡ 5ರ ಮರ್ಕ್ಯುರಿಕ್ ಕ್ಲೋರೈಡ್ 10 ಮಿಲಿಲೀಟರ್ ಹಾಕಿದರೆ ಅದರಲ್ಲಿ 0.37 ಗ್ರಾಂ ಪಾದರಸ ಇರುತ್ತದೆ. 20 ವಿದ್ಯಾರ್ಥಿಗಳು ಮೂರು ಮೂರು ಸಲ ಮಾಡಿದರೆ ಒಂದು ಮಧ್ಯಾಹ್ನಕ್ಕೆ 22 ಗ್ರಾಂ. ಲೋಹವಾಗಿ ಕೂಡಿಸಿದರೆ ಟೀ ಚಮಚದ ಮೂರನೇ ಒಂದು ಪಾಲು. ಚರಂಡಿಗೆ ಬಿಡುವ ನೀರಿನಲ್ಲಿ ಒಂದು ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಪಾದರಸ ಇರಬಾರದು ಎಂಬುದು ನಮ್ಮ ದೇಶದ ಪರಿಸರ ನಿಯಮ. ಆ ಚಮಚದ ಪಾಲನ್ನು ನೀರು ಬೆರೆಸಿಯೇ ಆ ಮಿತಿಗೆ ಇಳಿಸಬೇಕಾದರೆ 22 ಲಕ್ಷ ಲೀಟರ್ ನೀರು ಬೇಕು, ಅಂದರೆ 6,000 ಲೀಟರಿನ ಟ್ಯಾಂಕರುಗಳು 360ಕ್ಕೂ ಹೆಚ್ಚು. ‘ನೀರು ಜಾಸ್ತಿ ಬಿಡಿ, ಹೋಗುತ್ತೆ’ ಎಂಬ ಮಾತು ಲೋಹಗಳ ವಿಷಯದಲ್ಲಿ ಸುಳ್ಳು.

ಆದ್ದರಿಂದ ಬಿಳಿ ಗಸಿಯಾಗಲಿ ಬೂದು ಗಸಿಯಾಗಲಿ, ಫ್ಲಾಸ್ಕಿನಲ್ಲಿದ್ದದ್ದೆಲ್ಲ ‘ಪಾದರಸ’ ಎಂದು ಬರೆದ ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ ಹೋಗಬೇಕು. ಫ್ಲಾಸ್ಕನ್ನು ತೊಳೆದ ಮೊದಲ ನೀರೂ ಅಲ್ಲಿಗೇ. ಬ್ಯೂರೆಟ್ಟಿನಲ್ಲಿ ಉಳಿದ ಕಿತ್ತಳೆ ಬಣ್ಣದ ಡೈಕ್ರೋಮೇಟ್ ಬೇರೆ ಕ್ಯಾನಿಗೆ. ಅದರಲ್ಲಿರುವುದು ಕ್ಯಾನ್ಸರ್ ತರಬಲ್ಲ ರೂಪದ ಕ್ರೋಮಿಯಂ. ಅದನ್ನು ಲ್ಯಾಬಿನಲ್ಲೇ ಪಳಗಿಸಬಹುದು. ಆಮ್ಲ ಬೆರೆಸಿ ಫೆರಸ್ ಸಲ್ಫೇಟ್ ಹಾಕುತ್ತ ಹೋದರೆ ಕಿತ್ತಳೆ ಅಳಿದು ಹಸಿರು ಬರುತ್ತದೆ. ಆಮೇಲೆ ಸುಣ್ಣದ ನೀರಿನಿಂದ ಪಿಎಚ್ 8ರ ಸುಮಾರಿಗೆ ತಂದರೆ ಕ್ರೋಮಿಯಂ, ಕಬ್ಬಿಣ ಎರಡೂ ಕೆಸರಾಗಿ ಕೆಳಗೆ ಇಳಿಯುತ್ತವೆ. ಮೇಲಿನ ತಿಳಿಯನ್ನು ಚೂರು ತೆಗೆದು, ಆಮ್ಲ ಮಾಡಿ, ಡೈಫಿನೈಲ್ ಕಾರ್ಬಜೈಡ್ ಹನಿಸಿದಾಗ ನೇರಳೆ ಬಣ್ಣ ಬಂದರೆ ಕೆಲಸ ಇನ್ನೂ ಮುಗಿದಿಲ್ಲ. ಕೆಸರು ಅಪಾಯಕಾರಿ ತ್ಯಾಜ್ಯವಾಗಿಯೇ ಉಳಿಯುತ್ತದೆ. ಹತ್ತು ಲೀಟರ್ ಹೋಗಿ ಒಂದು ಡಬ್ಬಿಯಾಯಿತು ಎಂಬುದಷ್ಟೇ ಲಾಭ.

ಇನ್ನು ದ್ರಾವಕ. ಅಯೋಡಿನ್ ನೀರಿಗೆಷ್ಟು ಹಂಚಿಕೊಳ್ಳುತ್ತದೆ, ಕಾರ್ಬನ್ ಟೆಟ್ರಾಕ್ಲೋರೈಡಿಗೆಷ್ಟು ಎಂದು ನೋಡುವ ಪ್ರಯೋಗ ಮಾಡಿದವರಿಗೆ ತಳದಲ್ಲಿ ಕೂತ ನೇರಳೆ ಪದರದ ನೆನಪಿರುತ್ತದೆ. ಬಾಟಲಿಯಲ್ಲಿ ತಳ ಹಿಡಿದ ಹಾಗೆಯೇ ಅದು ಕೊಳವೆಯ ಬಾಗಿನಲ್ಲೂ ತಳ ಹಿಡಿಯುತ್ತದೆ, ಪಿವಿಸಿಯನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಸೋರಿ ಮಣ್ಣಿಗೆ ಬಿದ್ದರೆ ಅಂತರ್ಜಲದ ಮೇಲೆ ತೇಲದೆ ಅದರೊಳಗೆ ಮುಳುಗುತ್ತ ಹೋಗುತ್ತದೆ. ಕ್ಲೋರೋಫಾರ್ಮ್, ಡೈಕ್ಲೋರೋಮೀಥೇನ್ ಕೂಡ ಇದೇ ಮನೆತನದವು. ಇವುಗಳಿಗೆ ಕಂದು ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ ನಿಧಾನವಾಗಿ ಹೀರಿ ಉಬ್ಬುತ್ತದೆ.

ಅಸಿಟೋನ್, ಆಲ್ಕೊಹಾಲ್ ಕೂಡ ದ್ರಾವಕಗಳೇ ತಾನೇ, ಎಲ್ಲ ಒಂದೇ ಬಾಟಲಿಗೆ ಹಾಕಿದರೇನು ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಬರೀ ಆಲ್ಕೊಹಾಲ್ ತ್ಯಾಜ್ಯ ಒಳ್ಳೆಯ ಉರುವಲು. ಕ್ಲೋರಿನ್ ಬೆರೆತರೆ ಸುಡುವಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ, ಶಾಖ ಸಾಲದಿದ್ದರೆ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಹಾಗಾಗಿ ಅದಕ್ಕೆ 1,100 ಡಿಗ್ರಿ ಮಟ್ಟದ ಶಾಖ, ಹೊಗೆ ತೊಳೆಯುವ ವ್ಯವಸ್ಥೆ ಎರಡೂ ಇರುವ ಭಸ್ಮಕ ಬೇಕು. ಒಂದು ಲೋಟ ಕ್ಲೋರೋಫಾರ್ಮ್ ಇಡೀ ಕ್ಯಾನನ್ನು ಆ ದುಬಾರಿ ದಾರಿಗೆ ತಳ್ಳುತ್ತದೆ. ಇನ್ನೊಂದು ಕಾರಣ ಇನ್ನೂ ಗಂಭೀರ: ಕ್ಲೋರೋಫಾರ್ಮ್, ಅಸಿಟೋನ್ ಕೂಡಿದ ಕಡೆ ಕ್ಷಾರ ಸೇರಿದರೆ ಮಿಶ್ರಣ ತಾನಾಗಿ ಕಾದು ಸಿಡಿಯಬಲ್ಲದು. ಲಸಾನ್ಯ ಪರೀಕ್ಷೆಯಲ್ಲಿ ಮಿಕ್ಕ ಸೋಡಿಯಂ ಚೂರು ಈ ಬಾಟಲಿಗೆ ಬಿದ್ದರೂ ಸ್ಫೋಟವೇ.

ಆಮ್ಲದ ಮಟ್ಟಿಗೆ ಮಾತು ಸುಲಭ. ಲೋಹ ಬೆರೆಯದ ಹೈಡ್ರೋಕ್ಲೋರಿಕ್ ಅಥವಾ ಗಂಧಕಾಮ್ಲ ಮಾತ್ರ ಉಳಿದಿದ್ದರೆ, ಬಕೆಟ್ಟಿನ ನೀರಿಗೆ ಆಮ್ಲವನ್ನು ನಿಧಾನವಾಗಿ ಸುರಿದು, ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ ನೊರೆ ನಿಲ್ಲಿಸಿ, ಪಿಎಚ್ ಪೇಪರ್ ನೋಡಿ ಚೆಲ್ಲಬಹುದು. ಒಂದು ಲೀಟರ್ 1 ನಾರ್ಮಲ್ ಆಮ್ಲಕ್ಕೆ 84 ಗ್ರಾಂ ಸೋಡಾ ಸಾಕು. ಬಕೆಟ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ನೊರೆ ಉಕ್ಕುತ್ತದೆ. ನೈಟ್ರಿಕ್ ಆಮ್ಲವನ್ನು ಮಾತ್ರ ಯಾವ ಕಾರಣಕ್ಕೂ ದ್ರಾವಕದ ಬಾಟಲಿಯ ಹತ್ತಿರ ತರಬಾರದು. ಅಸಿಟೋನ್ ಅಥವಾ ಆಲ್ಕೊಹಾಲ್ ಜೊತೆ ಸೇರಿದರೆ ಒಮ್ಮೊಮ್ಮೆ ಗಂಟೆಗಳ ಕಾಲ ಏನೂ ಆಗುವುದಿಲ್ಲ. ಒಳಗೊಳಗೇ ಅನಿಲ ಕಟ್ಟಿಕೊಂಡು, ಎಲ್ಲರೂ ಮನೆಗೆ ಹೋದ ಮೇಲೆ ಮುಚ್ಚಳ ಬಿಗಿದ ಬಾಟಲಿ ಸಿಡಿಯುತ್ತದೆ. ಬಾಟಲಿ ಮುಟ್ಟಿದರೆ ಬೆಚ್ಚಗಿದ್ದರೆ, ಬದಿ ಉಬ್ಬಿದ್ದರೆ, ಕಂದು ಹೊಗೆ ಕಂಡರೆ ಮುಚ್ಚಳ ತೆಗೆಯಲು ಹೋಗದೆ ಎಲ್ಲರೂ ಕೋಣೆಯಿಂದ ಹೊರಗೆ ಬರಬೇಕು.

ಕ್ಯಾನಿನ ಮೇಲೆ ‘ವೇಸ್ಟ್’ ಎಂದಷ್ಟೇ ಬರೆದರೆ ಆರು ತಿಂಗಳಲ್ಲಿ ಅದು ಯಾರೂ ಮುಟ್ಟಲಾಗದ ವಸ್ತುವಾಗುತ್ತದೆ. ಏನೇನು ಇದೆ, ಅಂದಾಜು ಎಷ್ಟು, ಮೊದಲು ಯಾವ ದಿನ ಸುರಿದದ್ದು ಎಂದು ಸುರಿದವರೇ ಬರೆಯಬೇಕು, ಏಕೆಂದರೆ ಆ ಕ್ಷಣಕ್ಕೆ ಅದು ಗೊತ್ತಿರುವುದು ಅವರಿಗೆ ಮಾತ್ರ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದ ಘಟಕಕ್ಕೆ ಕೊಡಬೇಕು, ನಮ್ಮಲ್ಲಿ ದಾಬಸ್‌ಪೇಟೆಯಲ್ಲಿ ಅಂಥದ್ದಿದೆ. ವರ್ಷಕ್ಕೆ ನಾಲ್ಕೈದು ಕ್ಯಾನ್ ತುಂಬುವ ಕಾಲೇಜಿಗೆ ಒಂಟಿಯಾಗಿ ಇದು ಕಷ್ಟ. ವಿಶ್ವವಿದ್ಯಾಲಯವೇ ತನ್ನ ಕಾಲೇಜುಗಳ ಕ್ಯಾನುಗಳನ್ನು ಒಟ್ಟಿಗೆ ಸಾಗಿಸುವ ಹೊಣೆ ಹೊರಬೇಕೆಂಬುದು ನನ್ನ ಅಭಿಪ್ರಾಯ. ಪಾದರಸದ ಪ್ರಯೋಗವನ್ನಂತೂ ಇನ್ನು ಮಾಡಿಸುವ ಅಗತ್ಯವಿಲ್ಲ. ಕಬ್ಬಿಣವನ್ನು ಸತುವಿನ ಚೂರುಗಳಿಂದ ಅಪಕರ್ಷಿಸಿ, ಉಳಿದ ಸತುವನ್ನು ಸೋಸಿ ತೆಗೆದರೆ ಅದೇ ಟೈಟ್ರೇಷನ್ ಕಲಿಸಬಹುದು.

ಆದರೂ ಹಳೆಯ ಕೊಳವೆಗಳಲ್ಲಿ ಹಿಂದಿನ ಬ್ಯಾಚುಗಳದ್ದು ಇದ್ದೇ ಇರುತ್ತದೆ. ಹಳೆಯ ಲ್ಯಾಬಿನ ಸಿಂಕು ಕಟ್ಟಿಕೊಂಡಾಗ ಪ್ಲಂಬರ್‌ಗೆ ಮೊದಲೇ ವಿಷಯ ಹೇಳಿ, ಕೈಗವಸು ಕೊಟ್ಟು, ಕಿಟಕಿ ತೆರೆದು, ಬಾಗಿನ ಕೆಳಗೆ ಅಗಲವಾದ ಟ್ರೇ ಇಟ್ಟ ಮೇಲಷ್ಟೇ ಅದರ ತಿರುಪು ಬಿಚ್ಚಿಸಬೇಕು. ಟ್ರೇಗೆ ಬಿದ್ದದ್ದು ಪಾದರಸದ ಕ್ಯಾನಿಗೆ.